ಬರಾಬರ್ ಕಟ್

ತಿಂಗಳಿಗೊಮ್ಮೆಯಾದರೂ ನಮ್ಮ ಲಾಂಡ್ರಿಯ ಬಾಯ್ಲರಿನ ಹಿಂದೆ ಯಾರಾದರೂ ಒಬ್ಬನ ಮೂಗಿನಿಂದ ರಕ್ತ ಇಳಿಯುತ್ತಿತ್ತು. ಮುಂಬಯಿಯ ಭಾಂಡುಪ್‌ನ ಆ ಶೆಡ್ಡಿನಲ್ಲಿ ಹನ್ನೊಂದು ವರ್ಷ ಹಾಜರಿಯ ಮಸ್ಟರ್ ಬರೆದು ಪಗಾರ ಹಂಚಿದವನು ನಾನು. ನನ್ನ ಮೇಜಿನಿಂದ ಬಾಯ್ಲರ್ ಕಾಣುತ್ತಿರಲಿಲ್ಲ, ಸದ್ದು ಮಾತ್ರ ಕೇಳುತ್ತಿತ್ತು. ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದ ಹಾಗೆ ಒಂದು ಸದ್ದು, ಆಮೇಲೆ ಯಾರೋ ಮುಲುಗಿದ್ದು. ನಾನು ತಲೆ ಎತ್ತದೆ ಗೆರೆ ಎಳೆಯುತ್ತಿದ್ದೆ. ನನ್ನ ಅಕ್ಷರ ಮುತ್ತಿನ ಹಾಗಿದೆ ಎಂದು ಲಾಂಡ್ರಿಯ ಮಾಲೀಕರಾದ ಸೇಠ್ ಹೊಗಳುತ್ತಿದ್ದರು. ಆ ಹೊಗಳಿಕೆಗೆ ಉಬ್ಬಿಕೊಂಡು ಕೂತಿದ್ದ ಮನುಷ್ಯನನ್ನು ಈಗ ನೆನೆದರೆ ನನಗೇ ಅಸಹ್ಯವಾಗುತ್ತದೆ.

ಹೋಟೆಲುಗಳ ಚಾದರ, ಟವೆಲು, ಮದುವೆ ಹಾಲಿನ ಮೇಜುಬಟ್ಟೆ ಎಲ್ಲ ನಮ್ಮಲ್ಲಿಗೆ ಬರುತ್ತಿದ್ದವು. ತೊಳೆದು, ಹಿಂಡಿ, ಕೊನೆಗೆ ಕಾದ ದೊಡ್ಡ ರೋಲರಿನ ಕೆಳಗೆ ತೂರಿಸಿ ಇಸ್ತ್ರಿ ಮಾಡುವುದು. ರೋಲರಿಗೆ ಐದು ಜನ. ಅದರ ಬಾಯಿಯ ಹತ್ತಿರ ಒಂದು ತಾಸು ನಿಂತರೆ ಎದೆಯ ಚರ್ಮ ಚುರುಗುಟ್ಟುತ್ತದೆ. ಹಾಗಾಗಿ ಐವರೂ ತಾಸಿಗೊಮ್ಮೆ ಜಾಗ ಬದಲಿಸಿಕೊಳ್ಳುತ್ತಿದ್ದರು, ಒಬ್ಬ ರೋಲರಿನ ಬಾಯಿಗೆ ಬಂದರೆ ಇನ್ನೊಬ್ಬ ಮಡಚುವ ಟೇಬಲ್ಲಿಗೆ ಹೋಗುತ್ತಿದ್ದ. ಆದರೆ ನನ್ನ ಚಾರ್ಟಿನಲ್ಲಿ ಪಾಳಿಗೆ ಒಂದೇ ಹೆಸರು ಬರೆಯುವ ಜಾಗ. ದಿನಕ್ಕೊಬ್ಬನ ಹೆಸರು ಬರೆದು ಕೈತೊಳೆದುಕೊಳ್ಳುತ್ತಿದ್ದೆ. ಆ ಚಾರ್ಟಿಗೂ ಕೆಲಸಕ್ಕೂ ಸಂಬಂಧವಿಲ್ಲವೆಂದು ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ಬಟ್ಟೆ ಸುಟ್ಟರೆ, ಹರಿದರೆ, ಹೋಟೆಲಿನವರು ಸೇಠರ ಬಿಲ್ಲಿನಲ್ಲಿ ಹಿಡಿಯುತ್ತಿದ್ದರು. ಸೇಠರು ಅದನ್ನು ಆ ಐವರ ಪಗಾರದಲ್ಲಿ ಸಮನಾಗಿ ಮುರಿಯುತ್ತಿದ್ದರು. ಇದಕ್ಕೆ ಬರಾಬರ್ ಕಟ್ ಎಂದು ಹೆಸರು. ಜೊತೆಗೆ ಒಂದು ಕಟ್ಟಳೆ ಇತ್ತು: ಸುಟ್ಟವನು ತಾನೇ ಒಪ್ಪಿಕೊಂಡು ಬರೆದುಕೊಟ್ಟರೆ ಪೂರ್ತಿ ದುಡ್ಡು ಅವನದು, ಉಳಿದ ನಾಲ್ವರು ಪಾರು. ಈ ಕಟ್ಟಳೆ ಮಾಡಿದವರು ನಮ್ಮ ಉಡುಪಿ ಕಡೆಯವರೇ ಆದ ಸೂಪರ್‌ವೈಸರ್. ಒಳ್ಳೆಯ ಮಾತುಗಾರರು, ಹಣೆಯಲ್ಲಿ ಕುಂಕುಮ, ಬಾಯಲ್ಲಿ ಗಾದೆ. ನಾಲ್ವರನ್ನು ಒಬ್ಬನ ಮೇಲೆ ಛೂ ಬಿಡಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಸೂಪರ್‌ವೈಸರ್ ಯಾರಿಗೂ ಕೈ ಎತ್ತಬೇಕಿರಲಿಲ್ಲ. ಬಾಯ್ಲರಿನ ಹಿಂದಿನ ಕೆಲಸವನ್ನೆಲ್ಲ ಕೂಲಿಯವರೇ ಮಾಡಿಕೊಳ್ಳುತ್ತಿದ್ದರು.

ಆ ಸಲ ಸುಟ್ಟದ್ದು ಮದುವೆ ಹಾಲಿನ ಜರಿಯಂಚಿನ ಮೇಜುಬಟ್ಟೆಗಳು, ಒಂದು ಇಡೀ ಸೆಟ್. ಎಂಟು ಸಾವಿರದ ನಾನೂರು ಎಂದು ಸೂಪರ್‌ವೈಸರ್ ಲೆಕ್ಕ ಹೇಳಿದರು. ಐದು ಜನಕ್ಕೆ ಹಂಚಿದರೆ ತಲೆಗೆ ಸಾವಿರದ ಆರುನೂರ ಎಂಬತ್ತು. ತಾರೀಕು ಹದಿನಾರು, ಮಧ್ಯಾಹ್ನ ಎರಡೂವರೆ. ಅವರು ನನ್ನ ಕಿಟಕಿಗೆ ಬಂದು ಕೇಳಿದರು.

"ಇವತ್ತು ರೋಲರಿನಲ್ಲಿ ಯಾರು ಮಾರಾಯ್ರೆ? ಚಾರ್ಟ್ ನೋಡಿ ಹೇಳಿ."

ಚಾರ್ಟಿನಲ್ಲಿದ್ದದ್ದು ಯಾದಗಿರಿ ಕಡೆಯವನೊಬ್ಬನ ಹೆಸರು. ನಲವತ್ತರ ಆಸುಪಾಸು, ಕಡಿಮೆ ಮಾತಿನವನು, ಆರು ವರ್ಷದಿಂದ ನಮ್ಮಲ್ಲಿದ್ದ. ಬಟ್ಟೆ ಸುಟ್ಟಾಗ ಅವನು ಮಡಚುವ ಟೇಬಲ್ಲಿನಲ್ಲಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೆ, ಚಹಾ ತರಲು ಆ ಕಡೆಗೇ ಹೋಗಿದ್ದೆ. ಇನ್ನೊಂದೂ ಗೊತ್ತಿತ್ತು. ರೋಲರಿನ ಶಾಖ ತಡೆಯುವ ಸ್ವಿಚ್ ಕೆಟ್ಟಿದೆ, ತಾನಾಗಿ ಆಫ್ ಆಗುವುದಿಲ್ಲ ಎಂದು ಹತ್ತು ದಿನದ ಹಿಂದೆ ದುರಸ್ತಿ ಬುಕ್ಕಿನಲ್ಲಿ ಬರೆದವನು ನಾನೇ. ಇದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಚಾರ್ಟ್ ನೋಡಿ ಅವನ ಹೆಸರು ಓದಿಬಿಟ್ಟೆ.

ಮೂರು ಗಂಟೆಗೆ ಪಾಳಿ ಬದಲು. ಸೂಪರ್‌ವೈಸರ್ ಉಳಿದ ನಾಲ್ವರ ಹತ್ತಿರ ಏನೋ ಮಾತಾಡಿ, ಪಾನ್ ತಿನ್ನಲು ಗಲ್ಲಿಗೆ ಹೋದರು. ಆಮೇಲೆ ಬಾಯ್ಲರಿನ ಹಿಂದೆ ಸದ್ದು ಶುರುವಾಯಿತು.

"ನಾ ಸುಟ್ಟಿಲ್ರೋ. ನಾ ಟೇಬಲ್ ಮ್ಯಾಲ ಇದ್ದೆ. ನಿಮಗೂ ಗೊತ್ತದ." ಅವನ ದನಿ.

"ಕಬೂಲ್ ಕರ್." ಒಪ್ಪಿಕೋ ಎಂದು ಹಿಂದಿಯಲ್ಲಿ ಬೇರೆ ದನಿ.

ಒದ್ದರು. ಅವನು ಬಿದ್ದದ್ದು, ಮತ್ತೆ ಎತ್ತಿದ್ದು ಸದ್ದಿನಲ್ಲೇ ತಿಳಿಯಿತು. ಯಾವಾಗಲೂ ಇಷ್ಟಕ್ಕೆ ಮುಗಿಯುತ್ತಿತ್ತು, ಪೆಟ್ಟು ತಿಂದವನು ಒಪ್ಪಿಕೊಂಡುಬಿಡುತ್ತಿದ್ದ. ಇವನು ಒಪ್ಪಲಿಲ್ಲ. ಅವನನ್ನು ಎಳೆದುಕೊಂಡು ಡ್ರೈಯರಿನ ಹತ್ತಿರ ಬಂದರು, ಆಗ ನನ್ನ ಕಿಟಕಿಯಿಂದಲೇ ಎಲ್ಲ ಕಂಡಿತು. ಇಬ್ಬರು ಅವನ ಕುತ್ತಿಗೆ ಒತ್ತಿ ಹಿಡಿದರು. ಒಬ್ಬ ಅವನ ಬಲಗೈಯನ್ನು ಡ್ರೈಯರಿನ ಬಾಗಿಲ ಸಂದಿಗೆ ಇಟ್ಟ. ನಾಲ್ಕನೆಯವನು ಬಾಗಿಲನ್ನು ಕಾಲಿನಿಂದ ಒದ್ದ. ಕಬ್ಬಿಣದ ಬಾಗಿಲು ಅದು. ಒಮ್ಮೆ ಒದ್ದು ಒಪ್ಪುತ್ತೀಯಾ ಎಂದು ಕೇಳಿದ, ಇನ್ನೊಮ್ಮೆ ಒದ್ದ. ಎರಡನೆಯ ಸಲ ಕಟಕ್ಕೆಂದ ಸದ್ದು ಮಶೀನಿನ ಗದ್ದಲದಲ್ಲೂ ನನಗೆ ಕೇಳಿತು. ಅವನು ಕೂಗಲಿಲ್ಲ, ಉಸಿರು ಒಳಗೆ ಎಳೆದುಕೊಂಡು ಮೊಣಕಾಲೂರಿದ. ಒದ್ದವನೂ ಹೆದರಿ ಎರಡು ಹೆಜ್ಜೆ ಹಿಂದೆ ಸರಿದ. ಅವನ ಮನೆಯಲ್ಲೂ ಸಾವಿರದ ಆರುನೂರ ಎಂಬತ್ತು ಇಲ್ಲದೆ ಒಲೆ ಉರಿಯುವುದಿಲ್ಲ ಎಂದು ನನಗೆ ಗೊತ್ತು. ಆದರೂ ಆ ಕಾಲನ್ನು ಮುರಿಯಬೇಕೆಂದು ಅನಿಸಿತ್ತು. ಅನಿಸಿದ್ದಷ್ಟೇ.

ಸೂಪರ್‌ವೈಸರ್ ಬಾಯಿ ಕೆಂಪು ಮಾಡಿಕೊಂಡು ಬಂದರು. ಬಿಳಿ ಹಾಳೆಯ ಮೇಲೆ ಒಪ್ಪಿಗೆ ಬರೆಸಿ ಎಡಗೈ ಹೆಬ್ಬೆಟ್ಟು ಒತ್ತಿಸಿದರು, ಬಲಗೈ ಆಗಲೇ ಬದನೆಕಾಯಿಯಂತೆ ಊದಿತ್ತು. ಅದರ ಜೊತೆಗೆ ಖಾಲಿ ವೌಚರೊಂದರ ಮೇಲೂ ಹೆಬ್ಬೆಟ್ಟು ಒತ್ತಿಸಿಕೊಂಡರು.

"ಉಪ್ಪು ತಿಂದವ ನೀರು ಕುಡಿಯಬೇಕು, ಅಲ್ವಾ?" ಎಂದು ನನ್ನ ಕಡೆ ನೋಡಿ ನಕ್ಕರು.

ಅವನನ್ನು ಮುನ್ಸಿಪಾಲ್ಟಿ ಆಸ್ಪತ್ರೆಗೆ ಸೇರಿಸಿದ್ದು ಅವನ ಹೆಂಡತಿ. ಎರಡು ಬೆರಳು ಮುರಿದಿದ್ದವು, ಪಕ್ಕೆಲುಬು ಬಿರುಕು ಬಿಟ್ಟಿತ್ತು. ಬಟ್ಟೆಯ ಗಾಡಿ ಮೈಮೇಲೆ ಬಿತ್ತು ಎಂದು ಅವನು ಅಲ್ಲಿ ಹೇಳಿದನಂತೆ, ಕೆಲಸ ಹೋದೀತೆಂಬ ಹೆದರಿಕೆಗೆ. ಮಾರನೆಯ ದಿನ ಸೂಪರ್‌ವೈಸರ್ ಆ ಖಾಲಿ ವೌಚರ್ ನನ್ನ ಮುಂದಿಟ್ಟರು. ಬಟ್ಟೆಯ ನಷ್ಟ ಎಂದು ಬರೆದರೆ ಲೇಬರ್ ಇನ್‌ಸ್ಪೆಕ್ಟರ್ ಕೊಕ್ಕೆ ಹಾಕುತ್ತಾರೆ, ಮುಂಗಡ ಎಂದು ಬರೆದರೆ ಯಾರೂ ಕೇಳುವುದಿಲ್ಲ, ಯಾವಾಗಲೂ ಹಾಗೇ ಮಾಡುವುದು. ನಾನು ಬರೆದೆ: ನಗದು ಮುಂಗಡ, ಎಂಟು ಸಾವಿರದ ನಾನೂರು. ಕೆಳಗೆ ತಾರೀಕು ಹಾಕಿದೆ, ಹದಿನೇಳು. ಅದೇ ಪೆನ್ನಿನಿಂದ ಮಸ್ಟರಿನಲ್ಲಿ ಅವನ ಹೆಸರಿನ ಮುಂದೆ ಅದೇ ಹದಿನೇಳಕ್ಕೆ ಗೈರುಹಾಜರಿ ಹಾಕಿದೆ. ಅವನು ಮೂರು ದಿನ ಬರಲಿಲ್ಲ.

ಅವನ ಪಗಾರ ಹದಿನಾಲ್ಕು ಸಾವಿರದ ನಾನೂರು. ಮೂರು ದಿನದ ಗೈರುಹಾಜರಿಗೆ ಸಾವಿರದ ನಾನೂರ ನಲವತ್ತು ಹೋಯಿತು. ತಡವಾಗಿ ಬಂದದ್ದಕ್ಕೆಂದು ಏಳು ನೂರು ದಂಡ. ಮೇಲೆ ಈ ಮುಂಗಡ. ಲಕೋಟೆಯಲ್ಲಿ ಉಳಿದದ್ದು ಮೂರು ಸಾವಿರದ ಎಂಟುನೂರ ಅರವತ್ತು. ಅವನ ಖೋಲಿಯ ಬಾಡಿಗೆಯೇ ನಾಲ್ಕೂವರೆ ಸಾವಿರ, ಅದಾಗಲೇ ಒಂದು ತಿಂಗಳು ಬಾಕಿ. ಈ ಸಲ ಕೊಡದಿದ್ದರೆ ಸಾಮಾನು ಹೊರಗೆ ಹಾಕುತ್ತೇನೆಂದು ಖೋಲಿಯ ಮಾಲೀಕ ಹೇಳಿಯಾಗಿತ್ತು.

ಲಕೋಟೆ ಹಿಡಿದು ನನ್ನ ಕಿಟಕಿಗೆ ಬಂದದ್ದು ಅವನ ಹೆಂಡತಿ. ಎತ್ತರದ ಹೆಂಗಸು, ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊತ್ತು ಗಟ್ಟಿಯಾದ ತೋಳು.

"ಏನ್ರೀ, ಈ ಚೀಟಿಯೊಳಗ ಮುಂಗಡ ಅಂತ ಬರದೀರಲ್ಲ, ನನ್ನ ಗಂಡ ಯಾವಾಗ ತಗೊಂಡಾನ್ರೀ ಇಷ್ಟು ರೊಕ್ಕ?"

"ವೌಚರ್ ಇದೆ. ಹೆಬ್ಬೆಟ್ಟು ಇದೆ," ಎಂದೆ.

"ಹೆಬ್ಬೆಟ್ಟು ಹೆಂಗ ಒತ್ತಿಸಿದ್ರು ಅನ್ನೂದು ನೋಡಿಲ್ಲೇನು ನೀವು? ಇಲ್ಲೇ ಕುಂತಿದ್ರಲ್ಲ?"

ನಾನು ಕಿಟಕಿಯ ಬಾಗಿಲು ಎಳೆಯಹೋದೆ. ಅವಳ ಕೈ ಒಳಗೆ ಬಂದು ನನ್ನ ಅಂಗಿಯ ಕಾಲರು ಹಿಡಿಯಿತು. ಹಣೆ ಕಂಬಿಗೆ ಬಡಿದು ಕಣ್ಣು ಕತ್ತಲೆ ಬಂತು. ಬಿಡಿಸಲು ಬಂದ ವಾಚ್‌ಮನ್‌ನ ಕೈಯನ್ನು ಅವಳು ಕಚ್ಚಿದಳು. ಹೊರಗೆ ಎಳೆದುಕೊಂಡು ಹೋಗುವಾಗಲೂ ಒಂದೇ ಮಾತು ಹೇಳುತ್ತಿದ್ದಳು, ಯಾವಾಗ ತಗೊಂಡಾನ ಹೇಳ್ರಿ, ತಾರೀಕು ಹೇಳ್ರಿ ಎಂದು. ನನಗೆ ಸಿಟ್ಟು ನೆತ್ತಿಗೇರಿತ್ತು. ಹಣೆಗೆ ಅರಿಶಿನ ಒತ್ತಿಕೊಳ್ಳುತ್ತ ಆ ಹೆಂಗಸನ್ನು ಬಾಯಿಗೆ ಬಂದಂತೆ ಬೈದೆ.

ಅವರ ಖೋಲಿಯಿದ್ದ ಚಾಳಿನಲ್ಲಿ ಎಂದೋ ಬಾಗಿಲು ಮುಚ್ಚಿದ ಕಾರ್ಖಾನೆಯ ಯೂನಿಯನ್ ನಡೆಸಿದ್ದ ಮುದುಕರೊಬ್ಬರಿದ್ದರು. ಅರ್ಜಿ ಬರೆದವರು ಅವರೇ. ಕೂಲಿ ಮುರಿದ ದೂರುಗಳನ್ನು ಕೇಳುವ ಅಧಿಕಾರಿಯಿಂದ ಸೇಠರಿಗೆ ನೋಟಿಸ್ ಬಂತು. ಹಾಜರಿ, ಪಗಾರ, ದಂಡ, ಮುಂಗಡ, ಎಲ್ಲ ರಿಜಿಸ್ಟರು ತರಬೇಕು ಎಂದಿತ್ತು.

ನೋಟಿಸ್ ಬಂದ ಸಂಜೆ ಸೂಪರ್‌ವೈಸರ್ ನಾಲ್ವರಲ್ಲಿ ಇಬ್ಬರನ್ನು ಕರೆದುಕೊಂಡು ಅವನ ಖೋಲಿಗೆ ಹೋದರು. ಅರ್ಜಿ ವಾಪಸ್ ತೆಗೆಸುವ ಮಾತುಕತೆಗೆ, ಎಂದು ನನಗೆ ಹೇಳಿ ಹೋದದ್ದು. ಮಾತುಕತೆ ಶುರುವಾದದ್ದು ಬಾಗಿಲಿಗೆ ಒದೆಯುವುದರಿಂದ. ಅವನನ್ನು ಕೂದಲು ಹಿಡಿದು ಹೊರಗೆಳೆದು, ಪಟ್ಟಿ ಕಟ್ಟಿದ ಕೈಯ ಮೇಲೆ ಕಾಲಿಟ್ಟರಂತೆ. ಹೆಂಡತಿ ಜೋಳದ ರೊಟ್ಟಿ ಬೇಯಿಸುತ್ತಿದ್ದವಳು ಎದ್ದು ಬಂದು, ಒಲೆಯ ಮೇಲಿನ ಕಬ್ಬಿಣದ ಹಂಚನ್ನು ಸೂಪರ್‌ವೈಸರ ಕೆನ್ನೆಗೆ ಒತ್ತಿ ಹಿಡಿದಳು. ಚಾಳಿನ ಮಂದಿಯೆಲ್ಲ ಸೇರಿ ಮೂವರನ್ನೂ ನಳದ ಕಟ್ಟೆಯವರೆಗೆ ಬಡಿಯುತ್ತ ಅಟ್ಟಿದರು. ಮಾರನೆಯ ದಿನ ಸೂಪರ್‌ವೈಸರ ಕೆನ್ನೆಯ ಮೇಲೆ ಬೊಬ್ಬೆ ಎದ್ದಿತ್ತು, ಕುಂಕುಮವಿರಲಿಲ್ಲ. ಪೊಲೀಸಿಗೆ ಹೋಗಲು ಅವರಿಗೂ ಬಾಯಿರಲಿಲ್ಲ, ಇನ್ನೊಬ್ಬರ ಮನೆಯ ಬಾಗಿಲು ಮುರಿದವರು ಏನೆಂದು ಹೇಳಿಯಾರು? ಆ ಸುದ್ದಿ ಕೇಳಿ ನನಗೆ ಖುಷಿಯಾಯಿತು. ಅಂಥ ಖುಷಿಗೆ ನಾಚಿಕೆಪಡಬೇಕೆಂದು ಇವತ್ತಿಗೂ ಅನಿಸಿಲ್ಲ.

ವಿಚಾರಣೆಗೆ ಸೇಠರ ವಕೀಲರ ಜೊತೆ ರಿಜಿಸ್ಟರಿನ ಗಂಟು ಹೊತ್ತು ಹೋದವನು ನಾನು. ಅಧಿಕಾರಿ ಮರಾಠಿ ಹೆಂಗಸು, ಕನ್ನಡಕ ಮೂಗಿನ ತುದಿಗೆ, ದನಿ ಏರಿಸದೆ ಮಾತಾಡುವವರು. ಎದುರಿಗೆ ಅವನು, ಅವನ ಹೆಂಡತಿ, ಯೂನಿಯನ್ ಮುದುಕರು. ಅಧಿಕಾರಿ ಮುಂಗಡದ ವೌಚರನ್ನು ಮಸ್ಟರಿನ ಪಕ್ಕ ಇಟ್ಟುಕೊಂಡು ನೋಡಿದರು. ಹನ್ನೊಂದು ವರ್ಷದಲ್ಲಿ ಆ ಎರಡು ಪುಸ್ತಕವನ್ನು ನಾನೇ ಅಕ್ಕಪಕ್ಕ ಇಟ್ಟು ನೋಡಿರಲಿಲ್ಲ.

"ಹದಿನೇಳನೇ ತಾರೀಕು ಈತ ಲಾಂಡ್ರಿಯಲ್ಲಿ ನಗದು ಮುಂಗಡ ತೆಗೆದುಕೊಂಡಿದ್ದಾನೆ. ಹದಿನೇಳನೇ ತಾರೀಕು ಈತ ಲಾಂಡ್ರಿಗೇ ಬಂದಿಲ್ಲ. ಆಸ್ಪತ್ರೆಯ ಕಾಗದ ಇಲ್ಲಿದೆ. ಎರಡೂ ನಿಮ್ಮ ಅಕ್ಷರವೇ?"

"ಹೌದು," ಎಂದೆ.

"ಹಾಗಾದರೆ ಈ ದುಡ್ಡು ಯಾತಕ್ಕೆ ಮುರಿದದ್ದು?"

ವಕೀಲರು ಕೆಮ್ಮಿದರು. ಬರೆಯುವಾಗ ತಾರೀಕು ತಪ್ಪಿದೆ ಎನ್ನಲು ಅದು ಸೂಚನೆ, ದಾರಿಯಲ್ಲೇ ಹೇಳಿಕೊಟ್ಟಿದ್ದರು. ನಾನು ಧೈರ್ಯಸ್ಥನಲ್ಲ, ಅಲ್ಲಿ ಸಿಕ್ಕಿಬಿದ್ದವನು. ಸಿಕ್ಕಿಬೀಳದಿದ್ದರೆ ಬಾಯಿ ಬಿಡುತ್ತಿದ್ದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಬಿಟ್ಟ ಮೇಲೆ ಪೂರ್ತಿ ಬಿಟ್ಟೆ. ಸುಟ್ಟ ಬಟ್ಟೆ, ಬರಾಬರ್ ಕಟ್, ಡ್ರೈಯರಿನ ಬಾಗಿಲು. ಚಾರ್ಟ್ ನೋಡಿ ಅವನ ಹೆಸರು ಓದಿದ್ದು ನಾನೇ, ಅವನು ರೋಲರಿನಲ್ಲಿರಲಿಲ್ಲವೆಂದು ಗೊತ್ತಿದ್ದೂ ಓದಿದೆ ಎಂದೆ. ಅವನು ತಲೆ ಎತ್ತಿ ನನ್ನನ್ನು ನೋಡಿದ. ಅದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಗಂಟಿನಿಂದ ದುರಸ್ತಿ ಬುಕ್ಕನ್ನು ತೆಗೆದು, ಸ್ವಿಚ್ ಕೆಟ್ಟ ಪುಟವನ್ನು ಅಧಿಕಾರಿಯ ಮುಂದಿಟ್ಟೆ. ಅದನ್ನು ತರಲು ಯಾರೂ ಹೇಳಿರಲಿಲ್ಲ.

ಅಧಿಕಾರಿ ಸೇಠರ ವಕೀಲರಿಗೆ ಒಂದೊಂದಾಗಿ ಕೇಳಿದರು. ನಷ್ಟವೆಂದು ಮುರಿಯಬೇಕಾದರೆ ಆ ಬಟ್ಟೆಯನ್ನು ಇವನ ವಶಕ್ಕೇ ಎಂದು ಒಪ್ಪಿಸಿರಬೇಕು, ಇವನ ಅಲಕ್ಷ್ಯದಿಂದಲೇ ಹಾಳಾಗಿರಬೇಕು. ಒಪ್ಪಿಸಿದ್ದು ಎಲ್ಲಿದೆ? ಐವರಿಗೆ ಹಂಚುವುದಾದರೆ ಐವರ ಅಲಕ್ಷ್ಯವನ್ನು ಯಾರು ತೂಗಿದರು? ಮದುವೆ ಹಾಲಿನವರು ಬಿಲ್ಲಿನಲ್ಲಿ ಹಿಡಿದದ್ದು ಆರು ಸಾವಿರ, ನೀವು ಎಂಟು ಸಾವಿರದ ನಾನೂರು ಮುರಿದದ್ದು ಹೇಗೆ? ಆದ ನಷ್ಟಕ್ಕಿಂತ ಒಂದು ರೂಪಾಯಿಯೂ ಹೆಚ್ಚು ಹಿಡಿಯುವಂತಿಲ್ಲ. ತಡವಾಗಿ ಬಂದದ್ದಕ್ಕೆ ಏಳು ನೂರು ದಂಡ ಹಾಕಿದ್ದೀರಿ. ಯಾವ ತಪ್ಪಿಗೆ ದಂಡ ಎಂಬ ಪಟ್ಟಿಗೆ ಸರ್ಕಾರದ ಮಂಜೂರಾತಿ ಇದೆಯೇ, ಗೋಡೆಗೆ ಹಚ್ಚಿದ್ದೀರಾ? ಇದ್ದರೂ ತಿಂಗಳಿಗೆ ಕೂಲಿಯ ನೂರಕ್ಕೆ ಮೂರು ದಾಟಬಾರದು. ಎಲ್ಲ ಸೇರಿ ಅರ್ಧಕ್ಕಿಂತ ಹೆಚ್ಚು ಮುರಿಯುವಂತಿಲ್ಲ, ನೀವು ಅರ್ಧವನ್ನೂ ದಾಟಿದ್ದೀರಿ.

ವಕೀಲರು ಒಪ್ಪಿಗೆಯ ಹಾಳೆಯನ್ನು ಮುಂದೆ ತಳ್ಳಿದರು. ಅದರ ಮೂಲೆಯಲ್ಲಿ ಒಂದು ಕಂದು ಕಲೆ ಇತ್ತು. ಅಧಿಕಾರಿ ಅದನ್ನು ಉಗುರಿನಿಂದ ಮುಟ್ಟಿ ನೋಡಿದರು.

"ದಂಡವಿರಲಿ, ನಷ್ಟವಿರಲಿ, ಮುರಿಯುವ ಮೊದಲು ಅವನನ್ನು ಕರೆದು ನಿನಗೇನಾದರೂ ಹೇಳುವುದಿದೆಯೇ ಎಂದು ಕೇಳಬೇಕು. ಕಾನೂನು ಕೇಳುವುದು ಅಷ್ಟೇ. ಕೇಳಿದಿರಾ?"

ಅವರು ಅದನ್ನು ಹಿಂದಿಯಲ್ಲಿ ಅವನಿಗೂ ತಿಳಿಸಿ ಹೇಳಿದರು. ಅವನು "ಹಂಗೂ ಐತೇನ್ರಿ?" ಎಂದು ಮುದುಕರನ್ನು ಕೇಳಿದ.

"ಆ ಮೂರು ದಿನದ ಪಗಾರಾನೂ ಕೊಡಸ್ರಿ ಬಾಯಿ ಸಾಹೇಬ್ರ," ಎಂದಳು ಹೆಂಡತಿ. ಮುದುಕರು ಹಿಂದಿಯಲ್ಲಿ ಹೇಳಿದರು. ಅಧಿಕಾರಿ ಆಗದೆಂದು ತಲೆಯಾಡಿಸಿದರು. ಬಾರದ ದಿನಕ್ಕೆ ತಕ್ಕಷ್ಟು ಮುರಿದದ್ದು ಕಾಯಿದೆಯ ಪ್ರಕಾರವೇ ಇದೆ, ಹೊಡೆತದ ವಿಷಯ ಪೊಲೀಸರದ್ದು, ಇಲ್ಲಿ ಕೂಲಿಯ ಮಾತು ಮಾತ್ರ ಎಂದರು. ಇಡೀ ಲಕೋಟೆಯಲ್ಲಿ ನ್ಯಾಯವಾಗಿ ಮುರಿದ ದುಡ್ಡೆಂದರೆ ಅವನು ಮುರಿದ ಕೈ ಹಿಡಿದು ಆಸ್ಪತ್ರೆಯಲ್ಲಿ ಮಲಗಿದ್ದ ದಿನಗಳದ್ದು. ನನಗೆ ಆ ಮೇಜನ್ನು ಎತ್ತಿ ಬಿಸಾಡಬೇಕೆನಿಸಿತು. ಅವನ ಹೆಂಡತಿ ಮಾತ್ರ ಅಳಲಿಲ್ಲ, ಕೂಗಲೂ ಇಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತಳು.

ಮರುದಿನ ನನ್ನ ಕೆಲಸ ಹೋಯಿತು. ಲೆಕ್ಕ ಚುಕ್ತಾ ಮಾಡಿಸಿಕೊಳ್ಳಲು ಹೋದಾಗ ಸೂಪರ್‌ವೈಸರ್ ಮಸ್ಟರಿನ ದಪ್ಪ ಪುಸ್ತಕದಿಂದಲೇ ನನ್ನ ಬಾಯಿಗೆ ಬಾರಿಸಿದರು, ಒಂದು ಹಲ್ಲು ಅಲ್ಲೇ ಬಿತ್ತು. ಊರಿನವನಾಗಿ ಅನ್ನಕ್ಕೆ ಮಣ್ಣು ಹಾಕಿದೆಯಲ್ಲ ಎಂದು ತುಳುವಿನಲ್ಲಿ ಬೈದರು. ಹಲ್ಲನ್ನು ಹೆಕ್ಕಿ ಕಿಸೆಗೆ ಹಾಕಿಕೊಂಡು ಬಂದೆ. ಅತ್ತ ಖೋಲಿಯ ಮಾಲೀಕ ಅವರ ಸಾಮಾನು ಹೊರಗಿಟ್ಟೇಬಿಟ್ಟಿದ್ದ. ತೀರ್ಪು ಬರುವವರೆಗಿನ ನಾಲ್ಕು ತಿಂಗಳು ಗಂಡ ಹೆಂಡತಿ ಮುದುಕರ ಖೋಲಿಯ ಮುಂದಿನ ಪಡಸಾಲೆಯಲ್ಲಿ ತಾಡಪತ್ರಿ ಕಟ್ಟಿಕೊಂಡು ಇದ್ದರು.

ತೀರ್ಪಿನ ದಿನ ನಾನೂ ಹೋಗಿದ್ದೆ, ಯಾರೂ ಕರೆದಿರಲಿಲ್ಲ. ಮುರಿದ ಒಂಬತ್ತು ಸಾವಿರದ ನೂರು ವಾಪಸ್, ಅದರ ಮೂರು ಪಟ್ಟು ಪರಿಹಾರ ಬೇರೆ. ಹತ್ತು ಪಟ್ಟಿನವರೆಗೂ ಹಾಕಬಹುದಿತ್ತಂತೆ. ಉಳಿದವರ ಹಿಂದಿನ ಬರಾಬರ್ ಕಟ್ ಬಗ್ಗೆಯೂ ಅರ್ಜಿ ಕೊಡಬಹುದು ಎಂದು ಅಧಿಕಾರಿ ಹೇಳಿದ್ದರು. ಹೊಡೆದ ನಾಲ್ವರಲ್ಲಿ ಇಬ್ಬರು ಆಗಲೇ ಹೊರಗಿನ ಬೆಂಚಿನ ಮೇಲೆ ಕಾಗದ ಹಿಡಿದು ಕೂತಿದ್ದರು, ಮುದುಕರಿಂದಲೇ ಬರೆಸಿಕೊಂಡು. ಅವನು ಹೊರಗೆ ಬಂದಾಗ ಇಬ್ಬರೂ ಎದ್ದು ನಿಂತರು. ಅವನು ಅವರತ್ತ ತಿರುಗಲಿಲ್ಲ.

ಮೆಟ್ಟಿಲ ತಿರುವಿನಲ್ಲಿ ನಾನು ನಿಂತಿದ್ದೆ. ಅವನು ಇಳಿದು ಬಂದು ನನ್ನ ಎದುರು ನಿಂತ. ಹೆಂಡತಿ ತೀರ್ಪಿನ ಕಾಗದ ಮಡಚಿ ರವಿಕೆಯೊಳಗೆ ಇಟ್ಟುಕೊಳ್ಳುತ್ತಿದ್ದಳು.

"ಆ ಹೊತ್ತಿಗೆ ನಾ ಟೇಬಲ್ ಮ್ಯಾಲ ಇದ್ದೆ. ನೀವು ನೋಡಿದ್ರಿ," ಎಂದ.

"ನೋಡಿದ್ದೆ."

"ಆದರೂ ನನ್ನ ಹೆಸರು ಹೇಳಿದ್ರಿ."

"ಹೇಳಿದೆ."

"ಅದಕ್ಕ ನಿಮಗೇನರ ಹೇಳೋದು ಐತೇನ್ರಿ?"

ಅವನು ನಿಜವಾಗಿಯೂ ಕಾದ. ಮೇಲಿನಿಂದ ಇಳಿದುಬಂದ ಇಬ್ಬರು ನಮ್ಮನ್ನು ಬಳಸಿಕೊಂಡು ಹೋದರು. ಹೆಂಡತಿ ಮಕ್ಕಳು, ಹನ್ನೊಂದು ವರ್ಷದ ಕೆಲಸ, ಹೆದರಿಕೆ, ಎಲ್ಲ ಬಾಯಿಯವರೆಗೆ ಬಂದವು. ಒಂದನ್ನೂ ಹೇಳಲು ಮುಖವಿರಲಿಲ್ಲ. ಇಲ್ಲವೆಂದು ತಲೆಯಾಡಿಸಿದೆ.

ಆಗ ಅವನು ನನ್ನ ಕೆನ್ನೆಗೆ ಒಂದೇ ಒಂದು ಬಾರಿಸಿದ. ಕಿವಿ ಗುಂಯ್‌ಗುಟ್ಟಿತು, ಗೋಡೆ ಹಿಡಿದುಕೊಂಡೆ. ಬಾರಿಸಿದ್ದು ಎಡಗೈಯಲ್ಲಿ, ಬಲಗೈಯ ಬೆರಳುಗಳು ಇನ್ನೂ ನೆಟ್ಟಗಾಗಿರಲಿಲ್ಲ.